ಒಂಬತ್ತು ದಿನದ ಕರುವಿಗೆ ಭೇದಿ: ಓಆರ್‌ಎಸ್ ಕುಡಿಸುತ್ತಿದ್ದೇವೆ, ಹಾಲು ನಿಲ್ಲಿಸಬೇಕೇ?

ಮಲ್ಲಿಗೆ ಕೊಟ್ಟಿಗೆ, ಅರಸೀಕೆರೆ · ಬುಧವಾರ, ಬೆಳಿಗ್ಗೆ 7.10

ನಮ್ಮ ಎಚ್‌ಎಫ್ ಮಿಶ್ರತಳಿಯ ಹಸು ಕರು ಹಾಕಿ ಇಂದಿಗೆ ಒಂಬತ್ತು ದಿನ. ಹೆಣ್ಣು ಕರು, ಅಂದಾಜು 30 ಕೆ.ಜಿ. ಇರಬಹುದು. ನಿನ್ನೆ ಮಧ್ಯಾಹ್ನದಿಂದ ಭೇದಿ ಶುರುವಾಗಿದೆ. ಮೊದಲು ಹಳದಿ ಬಣ್ಣದಲ್ಲಿ ದೋಸೆ ಹಿಟ್ಟಿನಷ್ಟು ಗಟ್ಟಿ ಇತ್ತು. ರಾತ್ರಿಯ ಹೊತ್ತಿಗೆ ಮಜ್ಜಿಗೆ ನೀರಿನಂತಾಗಿ ಬಾಲ, ತೊಡೆ ಎಲ್ಲವೂ ಒದ್ದೆ. ರಕ್ತ ಕಾಣಿಸಿಲ್ಲ. ಎದ್ದು ನಿಲ್ಲುತ್ತದೆ, ಕರೆದರೆ ಕಿವಿ ಎತ್ತುತ್ತದೆ, ಆದರೆ ಎಂದಿನ ಚುರುಕು ಇಲ್ಲ.

ರಾತ್ರಿ ಔಷಧಿ ಅಂಗಡಿಯಿಂದ ಮನುಷ್ಯರ ಓಆರ್‌ಎಸ್ ಪೊಟ್ಟಣ ತಂದು ಒಂದು ಲೀಟರ್ ಕುಡಿಸಿದೆವು. ಈಗ ಮನೆಯಲ್ಲಿ ಎರಡು ಮಾತು. ನಮ್ಮ ಅತ್ತೆ, ಹಾಲೇ ಭೇದಿಗೆ ಕಾರಣ, ಎರಡು ದಿನ ಹಾಲು ಬಿಟ್ಟು ಅಕ್ಕಿ ಗಂಜಿ ಕುಡಿಸೋಣ ಎನ್ನುತ್ತಾರೆ. ನನಗೆ ಹೊಟ್ಟೆಗಿಲ್ಲದೆ ಕರು ಇನ್ನೂ ಸೊರಗಿಬಿಟ್ಟರೆ ಎಂಬ ಭಯ. ಹೋದ ವರ್ಷ ಇದೇ ರೀತಿ ಹಾಲು ನಿಲ್ಲಿಸಿದ ಕರು ನಾಲ್ಕನೇ ದಿನ ತೀರಿಹೋಯಿತು. ಭೇದಿಯಿಂದ ಹೋಯಿತೋ ಹಸಿವಿನಿಂದ ಹೋಯಿತೋ ಇಂದಿಗೂ ಗೊತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಹೈನುಗಾರ, ಚನ್ನರಾಯಪಟ್ಟಣ · ಬೆಳಿಗ್ಗೆ 7.35

ಅಕ್ಕ, ಹಾಲು ನಿಲ್ಲಿಸಬೇಡಿ. ನನ್ನ ಬಳಿ ಹದಿನಾಲ್ಕು ಹಸುಗಳಿವೆ, ಅನುಭವದಿಂದ ಹೇಳುತ್ತಿದ್ದೇನೆ. ಓಆರ್‌ಎಸ್ ಪುಡಿಯನ್ನು ಹಾಲಿಗೇ ಬೆರೆಸಿ ಕೊಟ್ಟುಬಿಡಿ, ಎರಡು ಕೆಲಸ ಒಂದೇ ಬಾರಿ ಮುಗಿಯುತ್ತದೆ. ಪುಡಿ ಸಿಗದಿದ್ದರೆ ಒಂದು ಲೀಟರ್ ಬಿಸಿ ನೀರಿಗೆ ಒಂದು ಅಚ್ಚು ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ. ಮಕ್ಕಳಿಗೆ ಕೊಡುವುದಿಲ್ಲವೇ, ಹಾಗೆಯೇ.

ನಿವೃತ್ತ ಪಶು ಪರೀಕ್ಷಕ, ತಿಪಟೂರು · ಬೆಳಿಗ್ಗೆ 8.02

ತಾಯಿ, ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಮೂವತ್ತು ವರ್ಷ ನಾನು ಹಳ್ಳಿಹಳ್ಳಿ ತಿರುಗಿ ಇದನ್ನೇ ಹೇಳಿದವನು: ಒಂದು ದಿನ ಹಾಲು ಬಿಡಿ, ಕರುಳಿಗೆ ವಿಶ್ರಾಂತಿ ಕೊಡಿ, ಓಆರ್‌ಎಸ್ ಮಾತ್ರ ಕುಡಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಹಾಲಿಗೆ ಬನ್ನಿ. ನಮಗೆ ತರಬೇತಿಯಲ್ಲಿ ಕಲಿಸಿದ್ದೂ ಅದೇ. ಹಾಲು ಬಿಟ್ಟ ದಿನವೇ ಭೇದಿ ಕಡಿಮೆಯಾಗುವುದನ್ನು ನೂರಾರು ಕರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಪಶುವೈದ್ಯೆ, ಹಾಸನ ಜಿಲ್ಲೆ · ಬೆಳಿಗ್ಗೆ 8.40

ಮಲ್ಲಿಗೆ ಕೊಟ್ಟಿಗೆಯವರೇ, ಹಾಲಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಕರುವಿನ ಬಳಿ ಹೋಗಿ ಮೂರು ವಿಷಯ ನೋಡಿ ಬನ್ನಿ.

ಕತ್ತಿನ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಅರ್ಧ ಸುತ್ತು ತಿರುಚಿ ಬಿಡಿ. ಚರ್ಮ ಮೊದಲಿನಂತೆ ಮಟ್ಟಸವಾಗಲು ಎಷ್ಟು ಸೆಕೆಂಡು ಹಿಡಿಯುತ್ತದೆ, ಎಣಿಸಿ. ಅನಂತರ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು, ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಸಂದು ಬಿದ್ದಿದೆಯೇ ನೋಡಿ. ಕೊನೆಗೆ, ತೊಳೆದ ಬೆರಳನ್ನು ಬಾಯಿಯೊಳಗಿಡಿ. ಬಾಯಿ ಬೆಚ್ಚಗಿದೆಯೋ ತಣ್ಣಗಿದೆಯೋ, ಬೆರಳನ್ನು ಚೀಪುತ್ತದೆಯೋ ಸುಮ್ಮನೆ ಕಚ್ಚುತ್ತದೆಯೋ, ಅದು ಬಹಳ ಮುಖ್ಯ. ಥರ್ಮಾಮೀಟರ್ ಇದ್ದರೆ ಗುದದ್ವಾರದಲ್ಲಿಟ್ಟು ಜ್ವರವನ್ನೂ ನೋಡಿ.

ಮಲ್ಲಿಗೆ ಕೊಟ್ಟಿಗೆ, ಅರಸೀಕೆರೆ · ಬೆಳಿಗ್ಗೆ 9.05

ನೋಡಿ ಬಂದೆ ಡಾಕ್ಟರೇ. ಚರ್ಮ ಮಟ್ಟಸವಾಗಲು ಸುಮಾರು ಮೂರು ಸೆಕೆಂಡು ಹಿಡಿಯಿತು. ಎರಡು ಸಲ ನೋಡಿದೆ. ಕಣ್ಣು ಸ್ವಲ್ಪ ಒಳಗೆ ಹೋಗಿದೆ. ರೆಪ್ಪೆ ಎಳೆದಾಗ ಕೂದಲೆಳೆಯಷ್ಟು ಸಂದು ಕಂಡಿತು. ಬಾಯಿ ಬೆಚ್ಚಗಿದೆ, ಆದರೆ ಒಸಡು ಅಂಟಂಟಾಗಿದೆ. ಬೆರಳನ್ನು ಚೀಪಿತು, ಜೋರಾಗಿ ಅಲ್ಲದಿದ್ದರೂ ಬಿಡದೆ ಚೀಪಿತು. ಜ್ವರ 102.4. ಬೆಳಗಿನ ಹಾಲು ಇನ್ನೂ ಕೊಟ್ಟಿಲ್ಲ.

ಪಶುವೈದ್ಯೆ, ಹಾಸನ ಜಿಲ್ಲೆ · ಬೆಳಿಗ್ಗೆ 9.30

ಚೀಪುತ್ತಿದೆ, ನಿಲ್ಲುತ್ತಿದೆ, ಬಾಯಿ ಬೆಚ್ಚಗಿದೆ ಎಂದಮೇಲೆ ಬಾಯಿಯ ಮೂಲಕವೇ ನೀರು ತುಂಬಿಸಬಹುದು. ಈ ಲಕ್ಷಣಗಳಿಗೆ ಮೈತೂಕದ ನೂರಕ್ಕೆ ಏಳರಷ್ಟು ನೀರು ಹೋಗಿರಬಹುದೆಂದು ಲೆಕ್ಕ ಹಿಡಿಯೋಣ. 30 ಕೆ.ಜಿ. ಕರುವಿಗೆ ಅದು ಎರಡು ಲೀಟರ್‌ಗೆ ಸ್ವಲ್ಪ ಮೇಲಾಯಿತು. ಭೇದಿ ಇನ್ನೂ ನಿಂತಿಲ್ಲವಾದ್ದರಿಂದ ಇಂದು ಕನಿಷ್ಠ ಇನ್ನೊಂದು, ಒಂದೂವರೆ ಲೀಟರ್ ಹೋಗಲಿದೆ. ಹಾಗಾಗಿ ಇಂದು ಸುಮಾರು ಮೂರೂವರೆ ಲೀಟರ್ ಓಆರ್‌ಎಸ್ ಬೇಕು. ಇದು ಹಾಲಿನ ಜೊತೆಗೆ ಕೊಡಬೇಕಾದದ್ದು, ಹಾಲಿನ ಬದಲಿಗೆ ಅಲ್ಲ.

ಹಾಲು ಏಕೆ ಬೇಕು ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿ 600ಕ್ಕೂ ಹೆಚ್ಚು ಕಿಲೋಕ್ಯಾಲೊರಿ ಇರುತ್ತದೆ. ನೀವು ತಂದ ಓಆರ್‌ಎಸ್ ಪೊಟ್ಟಣದಲ್ಲಿ ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್ ಇದೆ, ಅದರಿಂದ ಸಿಗುವುದು 55ರ ಆಸುಪಾಸು. ಆ ಗ್ಲೂಕೋಸ್ ಇರುವುದು ಹೊಟ್ಟೆ ತುಂಬಿಸಲಿಕ್ಕಲ್ಲ, ಉಪ್ಪನ್ನೂ ನೀರನ್ನೂ ಕರುಳಿನ ಗೋಡೆಯೊಳಗೆ ಎಳೆದುಕೊಳ್ಳಲಿಕ್ಕೆ. ಎಳೆಗರುವಿನ ಮೈಯಲ್ಲಿ ಕೊಬ್ಬಿನ ದಾಸ್ತಾನು ಬಹಳ ಕಡಿಮೆ. ಎರಡು ದಿನ ಬರೀ ಓಆರ್‌ಎಸ್ ಮೇಲೆ ಇಟ್ಟರೆ ಕರು ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಸವೆದುಹೋದ ಕರುಳಿನ ಒಳಪದರ ಮತ್ತೆ ಬೆಳೆಯುವುದಕ್ಕೂ ಆಹಾರ ಬೇಕೇ ಬೇಕು. ಹೋದ ವರ್ಷದ ನಿಮ್ಮ ಕರುವನ್ನು ನಾನು ನೋಡಿಲ್ಲ, ಅದರ ಬಗ್ಗೆ ಹೇಳಲಾರೆ. ಆದರೆ ಮೂರನೆಯ, ನಾಲ್ಕನೆಯ ದಿನ ತಣ್ಣಗಾಗಿ ಬೀಳುವ ಕರುಗಳಲ್ಲಿ ಹಸಿವಿನ ಪಾಲು ದೊಡ್ಡದು.

ಹೀಗೆ ಮಾಡಿ. ಈಗಲೇ ಒಂದು ಲೀಟರ್ ಹಾಲು ಕೊಡಿ, ಮೈಬಿಸಿಯಷ್ಟು ಬೆಚ್ಚಗಿರಲಿ. ಮಧ್ಯಾಹ್ನ 12.30ಕ್ಕೆ ಒಂದೂವರೆ ಲೀಟರ್ ಓಆರ್‌ಎಸ್. 3.30ಕ್ಕೆ ಮತ್ತೆ ಒಂದು ಲೀಟರ್ ಹಾಲು. ಬೆಳಗಿನದನ್ನೇ ಫ್ರಿಜ್‌ನಲ್ಲಿಟ್ಟು ಬೆಚ್ಚಗೆ ಮಾಡಿದರಾಯಿತು. ಸಂಜೆ 6.30ಕ್ಕೆ ಒಂದು ಲೀಟರ್ ಓಆರ್‌ಎಸ್, ರಾತ್ರಿ 9ಕ್ಕೆ ಒಂದು ಲೀಟರ್ ಹಾಲು, ಮಲಗುವ ಮುನ್ನ 11.30ರ ಹೊತ್ತಿಗೆ ಇನ್ನೊಂದು ಲೀಟರ್ ಓಆರ್‌ಎಸ್. ಹಾಲಿಗೆ ನೀರು ಬೆರೆಸಬೇಡಿ. ಎದುರಿಗೆ ಒಂದು ಬೋಗುಣಿಯಲ್ಲಿ ಬರಿಯ ನೀರು ಸದಾ ಇರಲಿ.

ಹೈನುಗಾರ, ಚನ್ನರಾಯಪಟ್ಟಣ · ಬೆಳಿಗ್ಗೆ 9.48

ಡಾಕ್ಟರೇ, ಇಷ್ಟೊಂದು ಹೊತ್ತು ಬೇರೆಬೇರೆ ಮಾಡುವ ಬದಲು ಬೆರೆಸಿದರೆ ಏನಾಗುತ್ತದೆ? ಹೊಟ್ಟೆಗೆ ಹೋದಮೇಲೆ ಎಲ್ಲವೂ ಒಂದೇ ಅಲ್ಲವೇ?

ಪಶುವೈದ್ಯೆ, ಹಾಸನ ಜಿಲ್ಲೆ · ಬೆಳಿಗ್ಗೆ 10.15

ಒಂದೇ ಅಲ್ಲ. ಕರು ಚೀಪಿ ಕುಡಿದ ಹಾಲು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಹೋಗಿ ಅಲ್ಲಿ ಗಿಣ್ಣಿನಂತೆ ಗಡ್ಡೆ ಕಟ್ಟುತ್ತದೆ. ಆ ಗಡ್ಡೆ ಕೆಲವು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಕರಗಿ ಕೆಳಗಿಳಿಯುತ್ತದೆ. ಓಆರ್‌ಎಸ್‌ನಲ್ಲಿರುವ ಸಿಟ್ರೇಟ್ ಆಗಲಿ, ಅಡುಗೆ ಸೋಡಾ ಆಗಲಿ, ಹಾಲಿನ ಜೊತೆಗೇ ಹೋದರೆ ಗಡ್ಡೆ ಸರಿಯಾಗಿ ಕಟ್ಟಲು ಬಿಡುವುದಿಲ್ಲ. ನೀರಿಲ್ಲದೆ ಪುಡಿಯನ್ನು ಹಾಲಿಗೇ ಸುರಿದರೆ ಇನ್ನೊಂದು ತೊಂದರೆ. ಆ ಮಿಶ್ರಣ ಎಷ್ಟು ಸಾಂದ್ರವಾಗುತ್ತದೆಂದರೆ ಅದು ಮೈಯಲ್ಲಿರುವ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಅಸಿಟೇಟ್ ಇರುವ ಕರುಗಳ ಓಆರ್‌ಎಸ್‌ಗೆ ಗಡ್ಡೆಯ ತೊಂದರೆ ಇಲ್ಲ. ಆದರೂ ಅದನ್ನು ಕದಡಬೇಕಾದದ್ದು ನೀರಿನಲ್ಲೇ.

ಬೆಲ್ಲದ ಮಾತು. ಇದರಲ್ಲಿ ನಿಮ್ಮ ತಪ್ಪಿಲ್ಲ ಸರ್, ಬಹಳ ಜನ ಹಾಗೆಯೇ ಮಾಡುತ್ತಾರೆ. ಮನುಷ್ಯರ ಮಗುವಿಗೆ ಸಕ್ಕರೆ ಜೀರ್ಣವಾಗುತ್ತದೆ, ಕರುವಿಗೆ ಆಗುವುದಿಲ್ಲ. ಸಕ್ಕರೆ, ಬೆಲ್ಲಗಳನ್ನು ಒಡೆಯುವ ಕಿಣ್ವವೇ ಅದರ ಕರುಳಿನಲ್ಲಿ ಇಲ್ಲ. ಜೀರ್ಣವಾಗದ ಬೆಲ್ಲ ಕೆಳಕ್ಕೆ ಹೋಗಿ ಹುಳಿಯುತ್ತದೆ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗಂಜಿಯೂ ಹೆಚ್ಚುಕಡಿಮೆ ಅದೇ ಕಥೆ. ಮೊದಲ ಕೆಲವು ವಾರ ಪಿಷ್ಟವನ್ನು ಜೀರ್ಣಿಸುವ ಶಕ್ತಿ ಕರುವಿಗೆ ತೀರಾ ಕಡಿಮೆ. ಅತ್ತೆಯವರಿಗೆ ಹೀಗೆ ಹೇಳಿ: ಈ ವಯಸ್ಸಿನ ಕರುವಿಗೆ ಜೀರ್ಣವಾಗುವ ಆಹಾರ ಹಾಲೊಂದೇ, ಗಂಜಿ ಅದಕ್ಕೆ ಭಾರ.

ಮಲ್ಲಿಗೆ ಕೊಟ್ಟಿಗೆ, ಅರಸೀಕೆರೆ · ಬೆಳಿಗ್ಗೆ 10.40

ಹಾಲು ಒಂದು ಲೀಟರ್ ಕುಡಿಯಿತು. ಮನುಷ್ಯರ ಓಆರ್‌ಎಸ್ಸೇ ಸಾಕೇ? ಕರುಗಳದ್ದು ಇಲ್ಲಿನ ಅಂಗಡಿಯಲ್ಲಿ ಸಿಗಲಿಲ್ಲ.

ಪಶುವೈದ್ಯೆ, ಹಾಸನ ಜಿಲ್ಲೆ · ಬೆಳಿಗ್ಗೆ 11.00

ಏನೂ ಇಲ್ಲದಿರುವುದಕ್ಕಿಂತ ಬಹಳ ಒಳ್ಳೆಯದು, ಆದರೆ ಕರುವಿಗೆ ಅದು ಸ್ವಲ್ಪ ತೆಳು. ಭೇದಿಯಲ್ಲಿ ಕರು ನೀರಿನ ಜೊತೆಗೆ ಕ್ಷಾರವನ್ನೂ ಕಳೆದುಕೊಳ್ಳುತ್ತದೆ, ರಕ್ತ ಹುಳಿಯಾಗುತ್ತದೆ. ನೀರು ತುಂಬಿದ ಮೇಲೂ ಕರು ಮಂಕಾಗಿ ತೂಗಾಡುತ್ತಾ ನಿಲ್ಲುವುದು ಇದರಿಂದಲೇ. ಕರುಗಳ ಓಆರ್‌ಎಸ್‌ನಲ್ಲಿ ಸೋಡಿಯಂ ಕೂಡ, ಹುಳಿಯನ್ನು ತಗ್ಗಿಸುವ ಅಂಶ ಕೂಡ ಮನುಷ್ಯರದ್ದಕ್ಕಿಂತ ಹೆಚ್ಚಿರುತ್ತದೆ.

ಅದು ಸಿಗುವವರೆಗೆ ಹೀಗೆ ಸರಿದೂಗಿಸಿ. ಒಂದು ಲೀಟರ್‌ನ ಪೊಟ್ಟಣವನ್ನು ಕುದಿಸಿ ಆರಿಸಿದ, ಉಗುರು ಬೆಚ್ಚಗಿನ ಒಂದು ಲೀಟರ್ ನೀರಿಗೆ ಅಳೆದು ಹಾಕಿ. ಅದಕ್ಕೆ ಅಡುಗೆ ಸೋಡಾ ಅರ್ಧ ಟೀ ಚಮಚ, ಅಂದರೆ ಸುಮಾರು ಎರಡೂವರೆ ಗ್ರಾಂ. ಚಮಚದ ಮೇಲೆ ಗೋಪುರ ಕಟ್ಟದೆ ಮಟ್ಟ ಮಾಡಿ ಅಳೆಯಿರಿ. ಜೊತೆಗೆ ಬರಿಯ ಗ್ಲೂಕೋಸ್ ಪುಡಿ ಎರಡು ಟೀ ಚಮಚ. ಕಿತ್ತಳೆ, ನಿಂಬೆಯ ರುಚಿಯ ಗ್ಲೂಕೋಸ್ ಬೇಡ, ಅದರಲ್ಲಿ ಸಕ್ಕರೆ ಇರುತ್ತದೆ. ಬೇಕಿಂಗ್ ಪೌಡರ್ ಅಡುಗೆ ಸೋಡಾ ಅಲ್ಲ, ಗೊಂದಲ ಬೇಡ. ಸೋಡಾ ಸೇರಿಸಿದ ಓಆರ್‌ಎಸ್‌ಗೂ ಹಾಲಿಗೂ ನಡುವೆ ಎರಡೂವರೆ, ಮೂರು ಗಂಟೆ ಬಿಡಲೇಬೇಕು. ಮೇಲಿನ ಹೊತ್ತುಗಳನ್ನು ಅದಕ್ಕೇ ಹಾಗೆ ಹೇಳಿದ್ದು.

ಕುಡಿಸುವುದು ನಿಪ್ಪಲ್ ಬಾಟಲಿಯಲ್ಲಿ, ಕರು ನಿಂತಿರುವಾಗ. ದಯವಿಟ್ಟು ಗೊಟ್ಟ ಮುಟ್ಟಬೇಡಿ. ತಲೆ ಮೇಲೆತ್ತಿ ಗೊಟ್ಟದಲ್ಲಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಭೇದಿಯಿಂದ ಉಳಿದ ಕರು ನ್ಯುಮೋನಿಯಾದಿಂದ ಹೋಗುತ್ತದೆ.

ಎಮ್ಮೆ ಮನೆ, ಗೋಕಾಕ · ಮಧ್ಯಾಹ್ನ 1.20

ನಮ್ಮ ಎಮ್ಮೆ ಕರುವಿಗೂ ಭೇದಿ. 25 ದಿನದ ಕರು. ಜೇಡಿಮಣ್ಣು ಕಲಸಿದಂತೆ ಬೂದು ಬಿಳುಪು, ಹತ್ತಿರ ಹೋಗಲಾರದಷ್ಟು ನಾತ. ಹೊಟ್ಟೆ ಡೊಳ್ಳು, ಮೈಕೂದಲು ಒರಟು. ನಾನೂ ಇದೇ ಸೋಡಾ ನೀರು ಕುಡಿಸಲೇ? ಹಾಲು ಎಷ್ಟು ಬಿಡಬೇಕು?

ಪಶುವೈದ್ಯೆ, ಹಾಸನ ಜಿಲ್ಲೆ · ಮಧ್ಯಾಹ್ನ 1.55

ನಿಮ್ಮದು ಬೇರೆ ಪ್ರಶ್ನೆ ಅಣ್ಣಾ. ಎಮ್ಮೆ ಕರು, ಮೂರೂವರೆ ವಾರ, ಜೇಡಿಮಣ್ಣಿನಂಥ ನಾತದ ಸಗಣಿ ಎಂದರೆ ಮೊದಲು ನೆನಪಾಗುವುದು ದುಂಡುಹುಳು. ಅದರ ಮರಿಗಳು ತಾಯಿಯ ಹಾಲಿನಲ್ಲೇ ಕರುವಿಗೆ ಬರುತ್ತವೆ. ಅದಕ್ಕೇ ಎಮ್ಮೆ ಕರುಗಳಿಗೆ ಎರಡನೆಯ ವಾರದ ಹೊತ್ತಿಗೇ ಮೊದಲ ಜಂತುನಾಶಕ ಕೊಡುವುದು. ಅಲ್ಲಿ ಬರೀ ಓಆರ್‌ಎಸ್ ಕೊಡುತ್ತಾ ಕುಳಿತರೆ ಮೂಲ ಹಾಗೆಯೇ ಉಳಿಯುತ್ತದೆ. ಇಂದೇ ಸ್ವಲ್ಪ ಸಗಣಿಯನ್ನು ಡಬ್ಬಿಯಲ್ಲಿ ಹಾಕಿ ನಿಮ್ಮ ಪಶು ಆಸ್ಪತ್ರೆಗೆ ಒಯ್ಯಿರಿ. ಔಷಧಿಯ ಪ್ರಮಾಣವನ್ನು ಕರುವಿನ ತೂಕ ನೋಡಿ ಅವರೇ ಹೇಳಲಿ.

ನಿವೃತ್ತ ಪಶು ಪರೀಕ್ಷಕ, ತಿಪಟೂರು · ಮಧ್ಯಾಹ್ನ 3.10

ಡಾಕ್ಟರಮ್ಮ, ನಿಮ್ಮ ಲೆಕ್ಕ ಓದಿದೆ. ಕ್ಯಾಲೊರಿಯ ಮಾತನ್ನು ಒಪ್ಪುತ್ತೇನೆ, ನಮ್ಮ ಕಾಲದಲ್ಲಿ ಯಾರೂ ಹಾಗೆ ಕೂಡಿಸಿ ಕಳೆದು ತೋರಿಸಲಿಲ್ಲ. ಆದರೆ ನನ್ನ ಕಣ್ಣು ಕಂಡದ್ದನ್ನು ಏನೆನ್ನುವಿರಿ? ಹಾಲು ಬಿಟ್ಟರೆ ಭೇದಿ ಇಳಿಯುತ್ತದೆ, ಕೊಟ್ಟರೆ ಏರುತ್ತದೆ. ಇದು ಸುಳ್ಳಲ್ಲ.

ಪಶುವೈದ್ಯೆ, ಹಾಸನ ಜಿಲ್ಲೆ · ಮಧ್ಯಾಹ್ನ 3.45

ಸುಳ್ಳಲ್ಲ ಸರ್, ನೀವು ಕಂಡದ್ದು ನಿಜವೇ. ಈ ವಯಸ್ಸಿನ ಭೇದಿಯಲ್ಲಿ ಹೆಚ್ಚಾಗಿ ರೋಟಾ, ಕೊರೋನಾ ವೈರಸ್‌ಗಳು ಅಥವಾ ಕ್ರಿಪ್ಟೋಸ್ಪೊರಿಡಿಯಂ ಇರುತ್ತವೆ. ಅವು ಕರುಳಿನ ಒಳಪದರವನ್ನು ಸವೆಸುವುದರಿಂದ ಹಾಲಿನ ಸಕ್ಕರೆಯೆಲ್ಲ ಜೀರ್ಣವಾಗುವುದಿಲ್ಲ. ಒಂದು ಪಾಲು ಹಾಗೆಯೇ ಕೆಳಗಿಳಿದು ಸಗಣಿಯನ್ನು ತೆಳುವಾಗಿಸುತ್ತದೆ. ಹಾಲು ನಿಲ್ಲಿಸಿದರೆ ಸಗಣಿ ಕಡಿಮೆಯಾಗುತ್ತದೆ, ಏಕೆಂದರೆ ಒಳಗೆ ಹೋಗುವುದೇ ಕಡಿಮೆಯಾಗಿದೆ. ನಾವು ಬಾಲದ ಕಡೆ ನೋಡಿ ಗುಣವಾಯಿತು ಎಂದುಕೊಂಡೆವು, ಕರುವನ್ನು ತಕ್ಕಡಿಗೆ ಹಾಕಿ ನೋಡಲಿಲ್ಲ. ತೂಕ ಹಾಕಿ ನೋಡಿದ ಪ್ರಯೋಗಗಳಲ್ಲಿ ಪೂರ್ತಿ ಹಾಲಿನ ಜೊತೆಗೆ ಓಆರ್‌ಎಸ್ ಪಡೆದ ಕರುಗಳು ಭೇದಿಯ ನಡುವೆಯೂ ತೂಕ ಏರಿದವು, ಹಾಲು ಬಿಡಿಸಿದವು ಇಳಿದವು.

ನಿವೃತ್ತ ಪಶು ಪರೀಕ್ಷಕ, ತಿಪಟೂರು · ಸಂಜೆ 4.20

ಸರಿ. ಆದರೆ ಚೀಪದ ಕರುವಿಗೂ ಹಾಲು ತುರುಕಬೇಕು ಎಂದು ಓದುವವರು ತಿಳಿದುಕೊಂಡರೆ ಅನಾಹುತ. ಹೊಟ್ಟೆ ಉಬ್ಬಿ, ಅಲ್ಲಾಡಿಸಿದರೆ ನೀರಿನ ಸದ್ದು ಬರುವ ಕರುಗಳನ್ನು ನೋಡಿದ್ದೇನೆ. ಅವಕ್ಕೆ ಹಾಲು ಕೊಟ್ಟು ಕೆಟ್ಟದ್ದೇ ಆಗಿದೆ.

ಪಶುವೈದ್ಯೆ, ಹಾಸನ ಜಿಲ್ಲೆ · ಸಂಜೆ 4.40

ಇದನ್ನು ನೀವು ಹೇಳಿದ್ದು ಒಳ್ಳೆಯದಾಯಿತು. ಹಾಲು ಕೊಡಬೇಕಾದದ್ದು ತಾನಾಗಿ ಚೀಪುವ ಕರುವಿಗೆ ಮಾತ್ರ. ಚೀಪದಿದ್ದರೆ ಆ ಹೊತ್ತಿನ ಹಾಲು ಬಿಟ್ಟು ಓಆರ್‌ಎಸ್ ಪ್ರಯತ್ನಿಸಿ, ಮುಂದಿನ ಹೊತ್ತಿಗೆ ಮತ್ತೆ ಹಾಲು ತೋರಿಸಿ. ನಳಿಕೆಯಲ್ಲಿ ಹಾಲು ಹಾಕಿದರೆ ಅದು ಮೊದಲ ಹೊಟ್ಟೆಗೆ ಬಿದ್ದು ಅಲ್ಲೇ ಹುಳಿಯುತ್ತದೆ. ಎರಡು ಹೊತ್ತು ಸತತವಾಗಿ ಚೀಪದಿದ್ದರೆ, ಬಾಯಿ ತಣ್ಣಗಾದರೆ, ಮಲಗಿದಲ್ಲಿಂದ ಏಳದಿದ್ದರೆ, ಕತ್ತಿನ ಚರ್ಮ ಆರು ಸೆಕೆಂಡಿಗೂ ಮಟ್ಟಸವಾಗದಿದ್ದರೆ, ಹೊಟ್ಟೆ ಉಬ್ಬಿದರೆ, ಅಲ್ಲಿಗೆ ಮನೆ ಮದ್ದಿನ ಕಾಲ ಮುಗಿಯಿತು. ರಕ್ತನಾಳಕ್ಕೆ ದ್ರವ ಹಾಕಲೇಬೇಕು. 1962ಕ್ಕೆ ಕರೆ ಮಾಡಿ ಅಥವಾ ವೈದ್ಯರನ್ನು ಕರೆಸಿ.

ಮಲ್ಲಿಗೆ ಕೊಟ್ಟಿಗೆ, ಅರಸೀಕೆರೆ · ಗುರುವಾರ, ಸಂಜೆ 6.50

ನಿನ್ನೆ ಹೇಳಿದಂತೆಯೇ ಮಾಡಿದೆವು. ಇಂದು ಬೆಳಿಗ್ಗೆ ಕತ್ತಿನ ಚರ್ಮ ಎರಡು ಎಣಿಸುವುದರೊಳಗೆ ಮಟ್ಟಸವಾಯಿತು, ಒಸಡು ಒದ್ದೆಯಾಗಿದೆ. ಆದರೆ ಮಧ್ಯಾಹ್ನದಿಂದ ಭೇದಿ ಇನ್ನೂ ಜಾಸ್ತಿ. ಗೋಡೆಗೆ ಸಿಡಿಯುವಷ್ಟು ನೀರು, ನಡುವೆ ಬಿಳಿ ಚೂರುಗಳು. ಅತ್ತೆ ಅಳುತ್ತಿದ್ದಾರೆ, ನೋಡು ಹಾಲು ಹಾಗೆಯೇ ಬರುತ್ತಿದೆ ಎನ್ನುತ್ತಾರೆ. ಔಷಧಿ ಅಂಗಡಿಯವರು ಭೇದಿ ನಿಲ್ಲಿಸುವ ಮಾತ್ರೆಯನ್ನೂ ಆ್ಯಂಟಿಬಯೋಟಿಕ್ ಮಾತ್ರೆಯನ್ನೂ ಕೊಟ್ಟಿದ್ದಾರೆ. ಕೊಟ್ಟುಬಿಡಲೇ?

ಪಶುವೈದ್ಯೆ, ಹಾಸನ ಜಿಲ್ಲೆ · ಸಂಜೆ 7.15

ಕರು ಚೀಪುತ್ತಿದೆಯೇ? ಜ್ವರ ಎಷ್ಟು? ರಕ್ತ ಇದೆಯೇ?

ಮಲ್ಲಿಗೆ ಕೊಟ್ಟಿಗೆ, ಅರಸೀಕೆರೆ · ಸಂಜೆ 7.25

ಜ್ವರ 102.2, ರಕ್ತ ಇಲ್ಲ. ಬಾಟಲಿ ಕಂಡರೆ ನಿನ್ನೆಗಿಂತ ಜೋರಾಗಿ ನುಗ್ಗಿ ಬರುತ್ತದೆ.

ಪಶುವೈದ್ಯೆ, ಹಾಸನ ಜಿಲ್ಲೆ · ಸಂಜೆ 7.40

ಹಾಗಾದರೆ ಎರಡೂ ಮಾತ್ರೆ ಬೇಡ. ಭೇದಿ ನಿಲ್ಲಿಸುವ ಮಾತ್ರೆ ಕರುಳಿನ ಚಲನೆಯನ್ನು ನಿಲ್ಲಿಸುತ್ತದೆ, ಸೋರುವುದನ್ನಲ್ಲ. ಸೋರಿದ್ದು ಒಳಗೇ ತುಂಬಿಕೊಳ್ಳುತ್ತದೆ. ಆ್ಯಂಟಿಬಯೋಟಿಕ್ ವೈರಸ್‌ಗೆ ತಾಗುವುದಿಲ್ಲ. ಜ್ವರ 103.5 ದಾಟಿದರೆ, ರಕ್ತ ಬಂದರೆ ಅಥವಾ ಕರು ಮಂಕಾದರೆ ಆಗ ವೈದ್ಯರು ಬಂದು ನೋಡಿ ಚುಚ್ಚುಮದ್ದು ಕೊಡಲಿ. ಎಷ್ಟು ಬೇಗ ಶುರುಮಾಡಬೇಕು ಎಂಬುದರಲ್ಲಿ ನಮ್ಮ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ, ಕೆಲವರು ನನಗಿಂತ ಮೊದಲೇ ಶುರುಮಾಡುತ್ತಾರೆ.

ಭೇದಿ ಹೆಚ್ಚಿದ್ದರೂ ಚರ್ಮ, ಒಸಡು, ಚೀಪುವ ಬಲ ಮೂರೂ ನಿನ್ನೆಗಿಂತ ಸುಧಾರಿಸಿವೆ. ಹೋಗುವುದಕ್ಕಿಂತ ಹೆಚ್ಚು ನೀವು ತುಂಬುತ್ತಿದ್ದೀರಿ. ಹಾಲು ಹಾಗೆಯೇ ಮುಂದುವರಿಸಿ, ಒಂದು ಹೊತ್ತಿನ ಓಆರ್‌ಎಸ್ ಅರ್ಧ ಲೀಟರ್ ಹೆಚ್ಚಿಸಿ. ಕೆಳಗಿನ ಒಣಹುಲ್ಲು ಬದಲಾಯಿಸಿ, ರಾತ್ರಿ ಗೋಣಿ ಹೊದಿಸಿ. ಬೇರೆ ಕರುಗಳಿಗೆ ಮೊದಲು ಹಾಲು ಕೊಟ್ಟು ಇದಕ್ಕೆ ಕೊನೆಗೆ ಕೊಡಿ. ಪ್ರತಿಸಲ ಸೋಪಿನಿಂದ ಕೈ ತೊಳೆಯಿರಿ, ಕ್ರಿಪ್ಟೋ ಮನುಷ್ಯರಿಗೂ ಅಂಟುತ್ತದೆ.

ಹೈನುಗಾರ, ಚನ್ನರಾಯಪಟ್ಟಣ · ರಾತ್ರಿ 8.30

ಅಕ್ಕ, ನನ್ನ ಮಾತಿನಂತೆ ಬೆಲ್ಲದ ನೀರು ಕುಡಿಸಲಿಲ್ಲ ತಾನೇ? ನಿನ್ನೆಯಿಂದ ಅದೇ ಯೋಚನೆ. ಎರಡು ವರ್ಷದಿಂದ ನಾನು ಅದನ್ನೇ ಕೊಡುತ್ತಿದ್ದೆ. ಇನ್ನೊಂದು ಕೇಳಬೇಕಿತ್ತು ಡಾಕ್ಟರೇ. ನಮ್ಮಲ್ಲಿ ಕರುವನ್ನು ತಾಯಿಗೇ ಬಿಡುತ್ತೇವೆ, ಎಷ್ಟು ಕುಡಿಯಿತು ಎಂದು ಅಳೆಯುವುದು ಹೇಗೆ?

ಪಶುವೈದ್ಯೆ, ಹಾಸನ ಜಿಲ್ಲೆ · ರಾತ್ರಿ 9.10

ಅಳೆಯಲಾಗುವುದಿಲ್ಲ, ಕಷ್ಟ ಇರುವುದು ಅಲ್ಲೇ. ತಾಯಿಗೆ ಬಿಟ್ಟರೆ ಸ್ವಲ್ಪಸ್ವಲ್ಪ, ಹಲವು ಬಾರಿ ಕುಡಿಯುತ್ತದೆ, ಅದು ಒಳ್ಳೆಯದು. ಆದರೆ ಓಆರ್‌ಎಸ್‌ಗೆ ಬಿಡುವು ಸಿಗುವುದಿಲ್ಲ. ಭೇದಿಯ ದಿನಗಳಲ್ಲಿ ನಾನು ಕರುವನ್ನು ಬೇರೆ ಕಟ್ಟಿಸಿ ದಿನಕ್ಕೆ ಮೂರು, ನಾಲ್ಕು ಬಾರಿ ತಾಯಿಯ ಬಳಿ ಬಿಡಿಸುತ್ತೇನೆ. ಇದೇ ಸರಿಯಾದ ಕ್ರಮ ಎಂದು ಗಟ್ಟಿಯಾಗಿ ಹೇಳಲಾರೆ.

ಮಲ್ಲಿಗೆ ಕೊಟ್ಟಿಗೆ, ಅರಸೀಕೆರೆ · ಭಾನುವಾರ, ಬೆಳಿಗ್ಗೆ 8.15

ಬೆಲ್ಲ ಕೊಡಲಿಲ್ಲ ತಮ್ಮಾ, ನಿಶ್ಚಿಂತೆಯಿಂದಿರು. ಶುಕ್ರವಾರ ರಾತ್ರಿ ಸಗಣಿ ಅಂಬಲಿಯಷ್ಟಾಯಿತು, ಇಂದು ದೋಸೆ ಹಿಟ್ಟಿನ ಹದಕ್ಕೆ ಬಂದಿದೆ. ನಿನ್ನೆಯಿಂದ ಓಆರ್‌ಎಸ್ ಒಂದೇ ಹೊತ್ತು. ಬೆಳಿಗ್ಗೆ ಬಾಟಲಿ ಖಾಲಿಯಾದಮೇಲೂ ಅತ್ತೆಯವರ ಸೆರಗನ್ನು ಚೀಪುತ್ತಾ ನಿಂತಿತ್ತು, ಅವರೂ ಎಳೆದುಕೊಳ್ಳದೆ ನಿಂತಿದ್ದರು.

ಡಾಕ್ಟರೇ, ಒಂದು ವಿಷಯ ಹೇಳಿರಲಿಲ್ಲ. ಈ ಕರು ಹುಟ್ಟಿದ್ದು ರಾತ್ರಿ ಹನ್ನೊಂದಕ್ಕೆ. ಸತ್ತೆ ಬೀಳಲಿ ಎಂದು ಕಾದು, ಗಿಣ್ಣದ ಹಾಲು ಕುಡಿಸಿದ್ದು ಬೆಳಿಗ್ಗೆ ಏಳಕ್ಕೆ. ಅದರಿಂದಲೇ ಹೀಗಾಯಿತೇ?

ಪಶುವೈದ್ಯೆ, ಹಾಸನ ಜಿಲ್ಲೆ · ಬೆಳಿಗ್ಗೆ 9.00

ಅದರಿಂದಲೇ ಎನ್ನಲಾರೆ, ಆದರೆ ಎಂಟು ಗಂಟೆ ತಡವಾಯಿತು. ಗಿಣ್ಣದ ಹಾಲಿನ ರೋಗನಿರೋಧಕ ಅಂಶವನ್ನು ಕರುಳು ಹೀರಿಕೊಳ್ಳುವ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತದೆ. ಮುಂದಿನ ಸಲ ಸತ್ತೆಗೆ ಕಾಯಬೇಡಿ. ಹುಟ್ಟಿದ ಎರಡು ಗಂಟೆಯೊಳಗೆ ಒಂದೂವರೆ, ಎರಡು ಲೀಟರ್, ಆರು ಗಂಟೆಯೊಳಗೆ ಮೈತೂಕದ ಹತ್ತನೆಯ ಒಂದು ಪಾಲು ಒಳಗೆ ಹೋಗಿರಲಿ. ಈಗ ಓಆರ್‌ಎಸ್ ಅನ್ನು ಇನ್ನೊಂದು ದಿನ ಕೊಟ್ಟು ನಿಲ್ಲಿಸಿ.

ಎಮ್ಮೆ ಮನೆ, ಗೋಕಾಕ · ಬೆಳಿಗ್ಗೆ 9.40

ಸಗಣಿ ಪರೀಕ್ಷೆಯಲ್ಲಿ ದುಂಡುಹುಳದ ಮೊಟ್ಟೆ ಸಿಕ್ಕಿತು. ಔಷಧಿ ಕೊಟ್ಟ ಮರುದಿನ ಶಾವಿಗೆಯಂತೆ ಒಂದು ಹಿಡಿ ಹುಳು ಬಿದ್ದವು. ಇನ್ನೆರಡು ಎಮ್ಮೆಗಳು ಈ ತಿಂಗಳು ಈಯಲಿವೆ, ಆ ಕರುಗಳ ಔಷಧಿಯ ದಿನವನ್ನು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ.

ನಿವೃತ್ತ ಪಶು ಪರೀಕ್ಷಕ, ತಿಪಟೂರು · ಬೆಳಿಗ್ಗೆ 11.30

ನಮ್ಮ ಪಕ್ಕದ ಮನೆಯಲ್ಲಿ ನಿನ್ನೆ ಹನ್ನೆರಡು ದಿನದ ಕರುವಿಗೆ ಭೇದಿ ಶುರುವಾಯಿತು. ಚೀಪುತ್ತಿದೆ. ಹಾಲು ಬಿಡಿಸಲಿಲ್ಲ, ನಡುನಡುವೆ ಓಆರ್‌ಎಸ್ ಕೊಡಿಸುತ್ತಿದ್ದೇನೆ. ಡೈರಿಯಿಂದ ತಕ್ಕಡಿ ತರಿಸಿ ತೂಗಿದೆ, 28 ಕೆ.ಜಿ. ಐದು ದಿನ ಬಿಟ್ಟು ಮತ್ತೆ ತೂಗಿ ಬರೆಯುತ್ತೇನೆ.